ವಿಂಶೋತ್ತರಿ ಹೇಳಿದ ಕಾಲವನ್ನು ಯೋಗಿನಿ ದಶೆಯಿಂದ ಒರೆಗೆ ಹಚ್ಚುವುದು ಹೇಗೆ

ಜೀವನದ ಕಾಲವನ್ನು ಗ್ರಹಗಳಿಗೆ ಹಂಚಿ ಫಲ ಹೇಳುವ ವಿಂಶೋತ್ತರಿ ದಶೆ ನೋಡುವವರೆಲ್ಲರಿಗೂ ಒಂದು ತೊಡಕು ಎದುರಾಗುತ್ತದೆ. ಶುಕ್ರ ದಶೆ 20 ವರ್ಷ. ದಶೆಯ ಒಳಭಾಗವೇ ಭುಕ್ತಿ, ಅದರಲ್ಲಿ ಶುಕ್ರ ಭುಕ್ತಿಯೊಂದೇ 3 ವರ್ಷ 4 ತಿಂಗಳು. ಜಾತಕದಲ್ಲಿ ಶುಕ್ರನಿಗೂ ಮದುವೆಗೂ ಗಟ್ಟಿ ಸಂಬಂಧವಿದ್ದರೆ "ಈ ಭುಕ್ತಿಯಲ್ಲಿ ಮದುವೆ" ಎಂದು ಹೇಳಬಹುದು, ಆದರೆ 40 ತಿಂಗಳಲ್ಲಿ ಯಾವುದು? ಅದಕ್ಕಿಂತ ಕಷ್ಟದ ಸ್ಥಿತಿ ಇನ್ನೊಂದಿದೆ. ಅದೇ ಜಾತಕದಲ್ಲಿ ಮದುವೆಗೆ ಒಪ್ಪುವ ಭುಕ್ತಿಗಳು ಮೂರು ಸಿಗುತ್ತವೆ, ಒಂದು 22ನೇ ವಯಸ್ಸಿಗೆ, ಇನ್ನೊಂದು 26ಕ್ಕೆ, ಮತ್ತೊಂದು 30ರ ಆಸುಪಾಸಿಗೆ. ವಿಂಶೋತ್ತರಿಯ ಒಳಗೇ ನಿಂತು ಈ ಮೂರರಲ್ಲಿ ಒಂದನ್ನು ಆರಿಸಲು ಹೊರಟರೆ, ಹೆಚ್ಚಿನ ಸಲ ನಾವು ನಮಗೆ ಬೇಕಾದ್ದನ್ನೇ ಆರಿಸಿಕೊಳ್ಳುತ್ತೇವೆ.

ಯೋಗಿನಿ ದಶೆಯ ಉಪಯೋಗ ಇಲ್ಲಿದೆ. ಇದರ ಪೂರ್ಣ ಸುತ್ತು 36 ವರ್ಷ. ಅತಿ ದೊಡ್ಡ ದಶೆಯೂ 8 ವರ್ಷ ಮೀರುವುದಿಲ್ಲ, ಅತಿ ದೊಡ್ಡ ಭುಕ್ತಿ 1 ವರ್ಷ 9 ತಿಂಗಳು 10 ದಿನ. ಹಾಗಾಗಿ ವಿಂಶೋತ್ತರಿ ತೋರಿಸಿದ ಅಗಲವಾದ ಕಾಲದ ಮೇಲೆ ಇದನ್ನು ಇಟ್ಟು ನೋಡಿದಾಗ ಆ ಕಾಲ ತಾನಾಗಿ ಸಣ್ಣ ತುಂಡುಗಳಾಗುತ್ತದೆ. ಯೋಗಿನಿಯನ್ನು ಬೇರೆಯೇ ಒಂದು ಫಲಶಾಸ್ತ್ರವೆಂದು ಓದುವವರಿದ್ದಾರೆ. ಆದರೆ ಒರೆಗಲ್ಲಾಗಿ ಬಳಸುವಾಗ ಅದರ ಕೆಲಸ ಇಷ್ಟೇ: ವಿಂಶೋತ್ತರಿ ಮುಂದಿಟ್ಟ ಕಾಲಗಳಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂದು ತೋರಿಸುವುದು. ವಿಂಶೋತ್ತರಿಯಲ್ಲಿ ಇಲ್ಲದ ಕಾಲವನ್ನು ಯೋಗಿನಿಯೊಂದರಿಂದಲೇ ಹುಟ್ಟಿಸಬಾರದು.

ಎಂಟು ಯೋಗಿನಿಯರು

ಹೆಸರು, ವರ್ಷ, ಅಧಿಪತಿ ಈ ಮೂರನ್ನು ಬಾಯಿಪಾಠ ಮಾಡಿಕೊಳ್ಳುವುದು ಸುಲಭ. ಮೊದಲನೆಯದಕ್ಕೆ 1 ವರ್ಷ, ಎರಡನೆಯದಕ್ಕೆ 2, ಹೀಗೆ ಎಂಟನೆಯದಕ್ಕೆ 8. ಕೂಡಿದರೆ 36.

| ಕ್ರಮ ಮತ್ತು ವರ್ಷ | ಯೋಗಿನಿ | ಅಧಿಪತಿ |
|---|---|---|
| 1 | ಮಂಗಳಾ | ಚಂದ್ರ |
| 2 | ಪಿಂಗಳಾ | ರವಿ |
| 3 | ಧಾನ್ಯಾ | ಗುರು |
| 4 | ಭ್ರಾಮರೀ | ಕುಜ |
| 5 | ಭದ್ರಿಕಾ | ಬುಧ |
| 6 | ಉಲ್ಕಾ | ಶನಿ |
| 7 | ಸಿದ್ಧಾ | ಶುಕ್ರ |
| 8 | ಸಂಕಟಾ | ರಾಹು |

ಕನ್ನಡದಲ್ಲಿ ಓದುವವರು ಮೊದಲ ಸಾಲಿನಲ್ಲೇ ಎಡವುವ ಸಾಧ್ಯತೆ ಇದೆ. ನಾವು ಕುಜನನ್ನು ಮಂಗಳ ಎಂದೂ ಕರೆಯುತ್ತೇವೆ. ಆದರೆ ಮಂಗಳಾ ಯೋಗಿನಿಯ ಅಧಿಪತಿ ಚಂದ್ರ. ಕುಜನದು ಭ್ರಾಮರೀ. ಈ ಎರಡು ಅದಲುಬದಲಾದರೆ ಮುಂದಿನ ಓದೆಲ್ಲ ತಪ್ಪುತ್ತದೆ.

ಹುಟ್ಟಿದಾಗ ನಡೆಯುತ್ತಿದ್ದ ಯೋಗಿನಿಯನ್ನು ಜನ್ಮನಕ್ಷತ್ರದಿಂದ ತೆಗೆಯುತ್ತಾರೆ. ಅಶ್ವಿನಿಯಿಂದ ಎಣಿಸಿದ ನಕ್ಷತ್ರ ಸಂಖ್ಯೆಗೆ 3 ಕೂಡಿಸಿ 8ರಿಂದ ಭಾಗಿಸಬೇಕು. ಉಳಿದ ಶೇಷವೇ ಯೋಗಿನಿಯ ಕ್ರಮ, ಶೇಷ ಸೊನ್ನೆಯಾದರೆ ಸಂಕಟಾ. ಅಶ್ವಿನಿಗೆ 1 ಮತ್ತು 3 ಸೇರಿ 4, ಅಂದರೆ ಭ್ರಾಮರೀ. ಆರ್ದ್ರೆ 6ನೇ ನಕ್ಷತ್ರ, 3 ಕೂಡಿಸಿದರೆ 9, ಶೇಷ 1, ಮಂಗಳಾ. ಹಸ್ತ 13ನೆಯದು, 3 ಕೂಡಿಸಿದರೆ 16, ಶೇಷ ಸೊನ್ನೆ, ಸಂಕಟಾ. ಇಲ್ಲಿ ಅಭಿಜಿತ್ ಲೆಕ್ಕಕ್ಕಿಲ್ಲ, 27 ನಕ್ಷತ್ರಗಳೇ.

ಭುಕ್ತಿಗಳು ಆಯಾ ದಶೆಯ ಯೋಗಿನಿಯಿಂದಲೇ ಶುರುವಾಗಿ ಮೇಲಿನ ಕ್ರಮದಲ್ಲೇ ಸುತ್ತುತ್ತವೆ. ಭುಕ್ತಿಯ ಕಾಲ ತಿಂಗಳಲ್ಲಿ ಬೇಕಾದರೆ ದಶಾವರ್ಷವನ್ನು ಭುಕ್ತಿವರ್ಷದಿಂದ ಗುಣಿಸಿ 3ರಿಂದ ಭಾಗಿಸಿದರೆ ಸಾಕು. ಧಾನ್ಯಾದಲ್ಲಿ ಸಿದ್ಧಾ ಎಂದರೆ 3 ಗುಣಿಸು 7 ಭಾಗಿಸು 3, ಅಂದರೆ 7 ತಿಂಗಳು. ಧಾನ್ಯಾ ದಶೆಯಲ್ಲಿ ಯಾವ ಭುಕ್ತಿಗೂ ಅದರ ವರ್ಷಸಂಖ್ಯೆಯೇ ತಿಂಗಳ ಸಂಖ್ಯೆಯಾಗುವುದರಿಂದ, ಲೆಕ್ಕ ಸರಿಯಿದೆಯೇ ಎಂದು ನೋಡಲು ಈ ದಶೆ ಅನುಕೂಲ.

ಒಂದು ಜಾತಕ, ಎರಡು ದಶೆ

ಲೆಕ್ಕ ತೋರಿಸಲೆಂದು ಒಂದು ಜಾತಕ ಇಟ್ಟುಕೊಳ್ಳೋಣ. ಕನ್ಯಾ ಲಗ್ನ. ಚಂದ್ರ ವೃಶ್ಚಿಕದಲ್ಲಿ 13 ಅಂಶ 20 ಕಲೆ. ಏಳನೇ ಮನೆಯಾದ ಮೀನದಲ್ಲಿ ಶುಕ್ರ. ಹನ್ನೊಂದರಲ್ಲಿ, ಕಟಕದಲ್ಲಿ, ಗುರು ಮತ್ತು ಕೇತು. ಐದರಲ್ಲಿ, ಮಕರದಲ್ಲಿ, ಶನಿ ಮತ್ತು ರಾಹು. ಆರರಲ್ಲಿ, ಕುಂಭದಲ್ಲಿ, ರವಿ ಮತ್ತು ಬುಧ. ಒಂಬತ್ತರಲ್ಲಿ, ವೃಷಭದಲ್ಲಿ, ಕುಜ. ಪ್ರಶ್ನೆ ಒಂದೇ: ಮದುವೆ ಯಾವಾಗ? ಕಾಲವನ್ನೆಲ್ಲ ತಾರೀಖಿನ ಬದಲು ವಯಸ್ಸಿನಲ್ಲಿ ಹೇಳುತ್ತ ಹೋಗೋಣ, ಹೋಲಿಸಲು ಅದೇ ಸಲೀಸು.

ಕಾಲಕ್ಕೆ ಮೊದಲು ಯೋಗ ನೋಡಬೇಕು. ಏಳನೇ ಮನೆಯ ಅಧಿಪತಿ ಗುರು ಕಟಕದಲ್ಲಿ ಉಚ್ಚ, ಅಲ್ಲಿಂದ ಒಂಬತ್ತನೇ ದೃಷ್ಟಿಯಿಂದ ತನ್ನ ಮೀನವನ್ನೇ ನೋಡುತ್ತಾನೆ. ಮದುವೆಯ ಕಾರಕ ಶುಕ್ರ ಮೀನದಲ್ಲೇ ಉಚ್ಚ. ಮಕರದ ಶನಿ ಮೂರನೇ ದೃಷ್ಟಿಯಿಂದ ಮೀನವನ್ನೂ ಏಳನೇ ದೃಷ್ಟಿಯಿಂದ ಗುರುವನ್ನೂ ನೋಡುತ್ತಾನೆ. ಮದುವೆಯ ಯೋಗ ಸ್ಪಷ್ಟವಾಗಿದೆ, ಜೊತೆಗೆ ಶನಿಯ ತಡವೂ ಇದೆ. ಗುರು ಮತ್ತು ಶುಕ್ರ ಇಲ್ಲಿ ನೇರ ಸಂಬಂಧವುಳ್ಳವರು. ಲಗ್ನಾಧಿಪತಿಯಾಗಿ ಬುಧ ಎರಡನೇ ದರ್ಜೆಯವನು. ಏಳರ ಅಧಿಪತಿಯ ಜೊತೆಗಿರುವ ಕೇತು ಗುರುವಿನ ಫಲವನ್ನು ಕೊಡಬಲ್ಲ. ಹನ್ನೆರಡರ ಅಧಿಪತಿ ರವಿ ಆರರಲ್ಲಿದ್ದಾನೆ, ಎಂಟರ ಅಧಿಪತಿ ಕುಜ ಏಳನ್ನು ನೋಡುತ್ತಲೂ ಇಲ್ಲ. ಇವರಿಬ್ಬರಿಗೂ ಮದುವೆಗೂ ನಂಟಿಲ್ಲ. ಈ ಪಟ್ಟಿಯನ್ನು ದಶೆ ತೆರೆಯುವ ಮೊದಲೇ ಬರೆದಿಡಬೇಕು. ದಶೆ ನೋಡಿದ ಮೇಲೆ ಪಟ್ಟಿ ಮಾಡಿದರೆ ಪ್ರತಿ ಗ್ರಹಕ್ಕೂ ಒಂದು ನಂಟು ಹುಡುಕಿಬಿಡುತ್ತೇವೆ.

ಈಗ ಶಿಷ್ಟ ದಶೆ, ಅಂದರೆ ಹುಟ್ಟಿದಾಗ ಇನ್ನೂ ಉಳಿದಿದ್ದ ದಶಾಕಾಲ. ಚಂದ್ರನಿರುವುದು ಅನೂರಾಧಾ ನಕ್ಷತ್ರದಲ್ಲಿ, ಅದು ವೃಶ್ಚಿಕದ 3 ಅಂಶ 20 ಕಲೆಗೆ ಶುರುವಾಗುತ್ತದೆ. ಚಂದ್ರ ಅದರೊಳಗೆ 10 ಅಂಶ ದಾಟಿದ್ದಾನೆ. ಒಂದು ನಕ್ಷತ್ರ 13 ಅಂಶ 20 ಕಲೆ, ಹಾಗಾಗಿ ಮುಕ್ಕಾಲು ಕಳೆದು ಕಾಲು ಭಾಗ ಉಳಿದಿದೆ. ಈ ಕಾಲು ಭಾಗವೇ ಎರಡೂ ದಶೆಗಳಿಗೆ ಆಧಾರ. ವಿಂಶೋತ್ತರಿಯಲ್ಲಿ ಅನೂರಾಧೆಗೆ ಶನಿ, 19 ವರ್ಷ. ಕಾಲು ಭಾಗ 4 ವರ್ಷ 9 ತಿಂಗಳು. ಯೋಗಿನಿಯಲ್ಲಿ ಅನೂರಾಧೆ 17ನೆಯದು, 3 ಕೂಡಿಸಿ 20, ಶೇಷ 4, ಭ್ರಾಮರೀ. ಅದರ 4 ವರ್ಷದ ಕಾಲು ಭಾಗ 1 ವರ್ಷ.

ಮುಂದಿನ ಸರಣಿ ಸರಳ. ವಿಂಶೋತ್ತರಿಯಲ್ಲಿ ಶನಿ ಮುಗಿದ ಮೇಲೆ ಬುಧ 21 ವರ್ಷ 9 ತಿಂಗಳವರೆಗೆ, ಕೇತು 28 ವರ್ಷ 9 ತಿಂಗಳವರೆಗೆ, ಆಮೇಲೆ ಶುಕ್ರ. ಯೋಗಿನಿಯಲ್ಲಿ ಭದ್ರಿಕಾ 6ರವರೆಗೆ, ಉಲ್ಕಾ 12ರವರೆಗೆ, ಸಿದ್ಧಾ 19ರವರೆಗೆ, ಸಂಕಟಾ 27ರವರೆಗೆ, ಮಂಗಳಾ 28ರವರೆಗೆ, ಪಿಂಗಳಾ 30ರವರೆಗೆ, ಧಾನ್ಯಾ 33ರವರೆಗೆ.

ವಿಂಶೋತ್ತರಿಯಲ್ಲಿ ಮದುವೆಗೆ ಒಪ್ಪುವ ಕಾಲಗಳು ಮೂರು. ಕೇತು ದಶೆಯ ಶುಕ್ರ ಭುಕ್ತಿ ಸುಮಾರು 22 ವರ್ಷ 2 ತಿಂಗಳಿಂದ 23 ವರ್ಷ 4 ತಿಂಗಳವರೆಗೆ. ಕೇತು ದಶೆಯ ಗುರು ಭುಕ್ತಿ 25 ವರ್ಷ 8 ತಿಂಗಳು 18 ದಿನದಿಂದ 26 ವರ್ಷ 7 ತಿಂಗಳು 24 ದಿನದವರೆಗೆ. ಶುಕ್ರ ದಶೆಯ ಶುಕ್ರ ಭುಕ್ತಿ 28 ವರ್ಷ 9 ತಿಂಗಳಿಂದ 32 ವರ್ಷ 1 ತಿಂಗಳವರೆಗೆ. ಮೂರಕ್ಕೂ ವಾದ ಹೂಡಬಹುದು.

ಮೊದಲ ಕಾಲದ ಮೇಲೆ ಯೋಗಿನಿಯನ್ನು ಇಟ್ಟು ನೋಡಿ. ಆಗ ನಡೆಯುತ್ತಿರುವುದು ಸಂಕಟಾ ದಶೆ, ಅಂದರೆ ರಾಹು. 23ನೇ ವಯಸ್ಸಿನವರೆಗೆ ಭ್ರಾಮರೀ ಭುಕ್ತಿ, ಆಮೇಲೆ ಭದ್ರಿಕಾ. ರಾಹು ಐದರಲ್ಲಿ ಶನಿಯ ಜೊತೆಗಿದ್ದಾನೆ. ಕುಜನಿಗೆ ನಂಟಿಲ್ಲ. ಬುಧ ಎರಡನೇ ದರ್ಜೆಯವನು, ಅದೂ ಆರನೇ ಮನೆಯಲ್ಲಿ. ವಿಂಶೋತ್ತರಿ ಹೇಳುವ ಮಾತಿಗೆ ಇಲ್ಲಿ ಯಾರೂ ದನಿಗೂಡಿಸುವುದಿಲ್ಲ. ಈ ಕಾಲವನ್ನು ಬಿಡಬಹುದು.

ಎರಡನೆಯದರಲ್ಲಿ ಸ್ವಲ್ಪ ಬದಲಾವಣೆ ಇದೆ. ದಶೆ ಅದೇ ಸಂಕಟಾ, ಆದರೆ 25 ವರ್ಷ 5 ತಿಂಗಳು 10 ದಿನದಿಂದ 27ರವರೆಗೆ ಸಿದ್ಧಾ ಭುಕ್ತಿ. ಸಿದ್ಧೆಯ ಅಧಿಪತಿ ಶುಕ್ರ, ಏಳರಲ್ಲೇ ಇರುವವನು. ಭುಕ್ತಿ ಒಪ್ಪುತ್ತದೆ, ದಶೆ ಒಪ್ಪುವುದಿಲ್ಲ. ಗುರುವಿನ ದೃಷ್ಟಿ ರಾಹುವಿನ ಮೇಲಿದೆ ಎಂದು ಎಳೆದು ತರಬಹುದು, ಆದರೆ ಅಂಥ ದೂರದ ನಂಟನ್ನು ಒಪ್ಪಿಕೊಂಡರೆ ಯಾವ ಗ್ರಹವನ್ನೂ ಬಿಡಲಾಗದು. ಇದನ್ನು ಅರ್ಧ ಒಪ್ಪಿಗೆ ಎಂದು ಬರೆದಿಟ್ಟುಕೊಳ್ಳಿ. ಮಾತುಕತೆ ನಡೆದು ನಿಲ್ಲುವ, ಮುಂದಕ್ಕೆ ಹೋಗುವ ಕಾಲ ಹೆಚ್ಚಾಗಿ ಇಂಥದ್ದೇ.

ಮೂರನೆಯದರಲ್ಲಿ ಯೋಗಿನಿಯ ಬೆಲೆ ಕಾಣುತ್ತದೆ. ಶುಕ್ರ ದಶೆ ಶುಕ್ರ ಭುಕ್ತಿಯ ಮೊದಲ 15 ತಿಂಗಳು, ಅಂದರೆ 30ನೇ ವಯಸ್ಸು ತುಂಬುವವರೆಗೆ, ಯೋಗಿನಿಯಲ್ಲಿ ಪಿಂಗಳಾ. ಅಧಿಪತಿ ರವಿ ಹನ್ನೆರಡರ ಒಡೆಯನಾಗಿ ಆರರಲ್ಲಿದ್ದಾನೆ. ಶುಕ್ರ ದಶೆ ಬಂದ ಕೂಡಲೇ ಮದುವೆ ಎಂದು ಹೇಳಿ ತಪ್ಪುವುದು ಇಂಥ ಜಾತಕಗಳಲ್ಲೇ. 30 ತುಂಬಿದಾಗ ಧಾನ್ಯಾ ಶುರು, ಅಧಿಪತಿ ಏಳರ ಒಡೆಯ ಗುರು. ಇನ್ನು ಧಾನ್ಯಾದ ಒಳಗೆ ಹುಡುಕಿದರೆ ಸಾಕು: ಧಾನ್ಯಾ ಭುಕ್ತಿ 30 ವರ್ಷ 3 ತಿಂಗಳವರೆಗೆ, ಭ್ರಾಮರೀ 30 ವರ್ಷ 7 ತಿಂಗಳವರೆಗೆ, ಭದ್ರಿಕಾ 31ರವರೆಗೆ, ಉಲ್ಕಾ 31 ವರ್ಷ 6 ತಿಂಗಳವರೆಗೆ, ಸಿದ್ಧಾ 32 ವರ್ಷ 1 ತಿಂಗಳವರೆಗೆ.

ಇದರ ಪಕ್ಕದಲ್ಲಿ ವಿಂಶೋತ್ತರಿಯ ಮೂರನೇ ಹಂತವನ್ನು, ಅಂದರೆ ಭುಕ್ತಿಯೊಳಗಿನ ಅಂತರವನ್ನು ಇಡೋಣ. ಶುಕ್ರ ಭುಕ್ತಿಯಲ್ಲಿ ರಾಹು ಅಂತರ 30 ವರ್ಷ 5 ತಿಂಗಳು 10 ದಿನದವರೆಗೆ, ಗುರು ಅಂತರ 30 ವರ್ಷ 10 ತಿಂಗಳು 20 ದಿನದವರೆಗೆ, ಶನಿ ಅಂತರ 31 ವರ್ಷ 5 ತಿಂಗಳವರೆಗೆ, ಬುಧ ಅಂತರ 31 ವರ್ಷ 10 ತಿಂಗಳು 20 ದಿನದವರೆಗೆ. ಧಾನ್ಯಾ ದಶೆಯ ಧಾನ್ಯಾ ಭುಕ್ತಿ ಎಷ್ಟೇ ಚೆನ್ನಾಗಿ ಕಂಡರೂ ಪೂರ್ತಿ ರಾಹು ಅಂತರದಲ್ಲಿ ಬೀಳುತ್ತದೆ. ಶನಿ ಅಂತರ ಉಲ್ಕಾ ಭುಕ್ತಿಯ ಜೊತೆ ಕೂಡುತ್ತದೆ, ಎರಡಕ್ಕೂ ಶನಿಯೇ ಒಡೆಯ. ತಡ ಮಾಡುವವನು ಎರಡೂ ಕಡೆ ಕೂತಿದ್ದಾನೆ. ಉಳಿದದ್ದು ಎರಡು ಕಾಲ. ಒಂದು, ಗುರು ಅಂತರವೂ ಭದ್ರಿಕಾ ಭುಕ್ತಿಯೂ ಸೇರುವ 30 ವರ್ಷ 7 ತಿಂಗಳಿಂದ 30 ವರ್ಷ 10 ತಿಂಗಳು 20 ದಿನ. ಇನ್ನೊಂದು, ಬುಧ ಅಂತರವೂ ಸಿದ್ಧಾ ಭುಕ್ತಿಯೂ ಸೇರುವ 31 ವರ್ಷ 6 ತಿಂಗಳಿಂದ 31 ವರ್ಷ 10 ತಿಂಗಳು 20 ದಿನ.

ಇವೆರಡರಲ್ಲಿ ಎರಡನೆಯದು ಮೇಲು. ಅಂತರ ಮೂರನೇ ಹಂತದ್ದು, ಅಲ್ಲಿ ಎರಡನೇ ದರ್ಜೆಯ ಬುಧ ಬಂದರೂ ನಡೆಯುತ್ತದೆ. ಯೋಗಿನಿಯ ಭುಕ್ತಿ ಎರಡನೇ ಹಂತದ್ದು, ಅಲ್ಲಿ ನೇರ ಸಂಬಂಧವುಳ್ಳ ಶುಕ್ರನೇ ಇದ್ದಾನೆ. ಕೊನೆಯ ಮಾತು ಗೋಚಾರದ್ದು, ಅಂದರೆ ಆಯಾ ಕಾಲಕ್ಕೆ ಆಕಾಶದಲ್ಲಿ ಗ್ರಹ ಇರುವ ರಾಶಿಯದ್ದು. ಗುರು ಒಂದು ಸುತ್ತಿಗೆ ಸುಮಾರು 11 ವರ್ಷ 10 ತಿಂಗಳು ತೆಗೆದುಕೊಳ್ಳುತ್ತಾನೆ. ಕಟಕದಿಂದ ಹೊರಟು ಎರಡು ಸುತ್ತು ಮುಗಿಸಿ ಇನ್ನೂ ಎಂಟು ರಾಶಿ ದಾಟಿ ಮೀನಕ್ಕೆ ಬರುವಾಗ ವಯಸ್ಸು 31 ದಾಟಿರುತ್ತದೆ. ಮೊದಲ ಕಾಲದಲ್ಲಿ ಅವನು ಇನ್ನೂ ಮೀನಕ್ಕೆ ಬಂದಿಲ್ಲ, ಎರಡನೆಯದರಲ್ಲಿ ಏಳನೇ ಮನೆಯಲ್ಲೇ ಇದ್ದಾನೆ. 40 ತಿಂಗಳಿದ್ದದ್ದು ಐದು ತಿಂಗಳೊಳಕ್ಕೆ ಇಳಿಯಿತು.

ಈ ಒಪ್ಪಿಗೆಗೆ ಎಷ್ಟು ಬೆಲೆ

ಎರಡು ದಶೆ ಒಪ್ಪಿದವು ಎಂದ ಕೂಡಲೇ ಖಚಿತವಾಯಿತು ಎಂದುಕೊಳ್ಳುವುದು ದೊಡ್ಡ ತಪ್ಪು, ಇದಕ್ಕೆ ಲೆಕ್ಕದಲ್ಲೇ ಕಾರಣವಿದೆ. ಈ ಜಾತಕದಲ್ಲಿ ಗುರು, ಶುಕ್ರ, ಬುಧ ಮೂವರನ್ನೂ ಮದುವೆಗೆ ಒಪ್ಪುವವರೆಂದು ಇಟ್ಟುಕೊಂಡರೆ ಅವರ ಯೋಗಿನಿ ವರ್ಷಗಳು 3, 7 ಮತ್ತು 5, ಒಟ್ಟು 15. 36 ವರ್ಷದಲ್ಲಿ 15 ಎಂದರೆ ನೂರಕ್ಕೆ 42ರಷ್ಟು ಕಾಲ. ಜೀವನದ ಯಾವುದೋ ಒಂದು ದಿನವನ್ನು ಕಣ್ಣುಮುಚ್ಚಿ ಆರಿಸಿದರೂ ಯೋಗಿನಿಯ ದಶೆ ಒಪ್ಪುವ ಸಾಧ್ಯತೆ ಅಷ್ಟಿದೆ. ದಶೆ ಮಟ್ಟದ ಒಪ್ಪಿಗೆಗೆ ಆದ್ದರಿಂದ ಹೆಚ್ಚು ಬೆಲೆಯಿಲ್ಲ. ದಶೆ ಮತ್ತು ಭುಕ್ತಿ ಎರಡೂ ಒಪ್ಪಬೇಕು ಎಂದು ಪಟ್ಟು ಹಿಡಿದರೆ ಅದು ನೂರಕ್ಕೆ 17ಕ್ಕೆ ಇಳಿಯುತ್ತದೆ. ನೇರ ಸಂಬಂಧವುಳ್ಳ ಗುರು, ಶುಕ್ರ ಇಬ್ಬರನ್ನೇ ಎಣಿಸಿದರೆ ನೂರಕ್ಕೆ 8ರಷ್ಟಾಗುತ್ತದೆ. ಪಟ್ಟಿ ಚಿಕ್ಕದಾದಷ್ಟೂ ಒರೆಗಲ್ಲು ಗಟ್ಟಿ. ನಾಲ್ಕೈದು ಗ್ರಹಗಳನ್ನು ಪಟ್ಟಿಗೆ ಸೇರಿಸಿ ಆಮೇಲೆ "ಯೋಗಿನಿಯೂ ಒಪ್ಪಿತು" ಎಂದರೆ ಅದರಲ್ಲಿ ಏನೂ ಹೇಳಿದಂತಾಗುವುದಿಲ್ಲ.

ಇನ್ನೊಂದು ಮಿತಿ ಇದಕ್ಕಿಂತ ಒಳಗಿನದು. ಎರಡೂ ದಶೆ ಒಂದೇ ಚಂದ್ರನಿಂದ, ಒಂದೇ ಭಾಗಾಕಾರದಿಂದ ಹುಟ್ಟುತ್ತವೆ. ಚಂದ್ರನ ಸ್ಥಾನ ತಪ್ಪಿದ್ದರೆ ಎರಡೂ ಒಂದೇ ದಿಕ್ಕಿಗೆ ತಪ್ಪುತ್ತವೆ. ಅಂದರೆ ಯೋಗಿನಿ ಪೂರ್ತಿ ಬೇರೆಯ ಸಾಕ್ಷಿಯಲ್ಲ. ಇದೇ ಕಾರಣಕ್ಕೆ ಗೋಚಾರವನ್ನು ಮೂರನೆಯದಾಗಿ ಸೇರಿಸುವುದು ಕಡ್ಡಾಯ, ಇಲ್ಲಿ ನೋಡಿದಂತೆ ಲಗ್ನದಿಂದ ಎಣಿಸಿದರೆ ಅದಕ್ಕೂ ಹುಟ್ಟಿದ ಹೊತ್ತಿನ ಚಂದ್ರನಿಗೂ ಸಂಬಂಧವಿಲ್ಲ.

ಆದರೂ ತಪ್ಪುವ ಪ್ರಮಾಣ ಎರಡರಲ್ಲಿ ಬೇರೆ ಬೇರೆ, ಇದನ್ನು ಉಪಯೋಗಕ್ಕೆ ತಂದುಕೊಳ್ಳಬಹುದು. ಜನ್ಮಸಮಯದಲ್ಲಿ 10 ನಿಮಿಷದ ವ್ಯತ್ಯಾಸವಿದೆ ಎನ್ನಿ. ಚಂದ್ರ ಅಷ್ಟು ಹೊತ್ತಿಗೆ ಸುಮಾರು ಐದೂವರೆ ಕಲೆ ಚಲಿಸುತ್ತಾನೆ. ನಕ್ಷತ್ರದ 800 ಕಲೆಯಲ್ಲಿ ಅದು ಅತ್ಯಲ್ಪ, ಆದರೆ ಶನಿಯ 19 ವರ್ಷಕ್ಕೆ ಹಂಚಿದಾಗ 48 ದಿನವಾಗುತ್ತದೆ. ಭ್ರಾಮರೀಯ 4 ವರ್ಷಕ್ಕೆ ಹಂಚಿದಾಗ ಬರೀ 10 ದಿನ. ಮುಂದಿನ ದಶೆಗಳೆಲ್ಲವೂ ಇಷ್ಟಿಷ್ಟೇ ದಿನ ಸರಿಯುತ್ತವೆ. ಮೇಲಿನ ಜಾತಕದಲ್ಲಿ ಬುಧ ಅಂತರದ ನಂತರ ಬರುವ 70 ದಿನದ ಕೇತು ಅಂತರವನ್ನು ನಂಬಿ ಮಾತಾಡಲು ಸಮಯ ನಿಮಿಷದ ಮಟ್ಟಿಗೆ ಸರಿಯಿರಬೇಕು, 7 ತಿಂಗಳ ಸಿದ್ಧಾ ಭುಕ್ತಿಯನ್ನು ನಂಬಲು ಹತ್ತಿಪ್ಪತ್ತು ನಿಮಿಷ ಆಚೀಚೆಯಾದರೂ ಅಡ್ಡಿಯಿಲ್ಲ. ಸಮಯ ಅಂದಾಜಿನದ್ದಾದರೆ ವಿಂಶೋತ್ತರಿಯ ಅಂತರವನ್ನು ಬಿಟ್ಟು, ಅದರ ಭುಕ್ತಿಯನ್ನೂ ಯೋಗಿನಿಯ ಭುಕ್ತಿಯನ್ನೂ ಹೋಲಿಸುವುದೇ ಸರಿ. ಒಂದು ಎಚ್ಚರ: ಚಂದ್ರ ನಕ್ಷತ್ರದ ಅಂಚಿನಲ್ಲಿದ್ದರೆ ಈ ಸಮಾಧಾನ ಇಲ್ಲ. ನಕ್ಷತ್ರವೇ ಬದಲಾದರೆ ಎರಡು ದಶೆಗಳ ಸರಣಿಯೂ ಬದಲಾಗುತ್ತದೆ.

ಗ್ರಹಸ್ಥಾನದ ಲೆಕ್ಕದಲ್ಲಿ ಕಳೆಯುವ ಅಯನಾಂಶದ್ದೂ ಇದೇ ಕಥೆ, ಇನ್ನೂ ದೊಡ್ಡ ಅಳತೆಯಲ್ಲಿ. ಲಾಹಿರಿ ಅಯನಾಂಶಕ್ಕೂ ರಾಮನ್ ಅಯನಾಂಶಕ್ಕೂ ಸುಮಾರು ಒಂದೂವರೆ ಅಂಶದ ಅಂತರವಿದೆ. ಶನಿ ದಶೆಯಲ್ಲಿ ಹುಟ್ಟಿದವರಿಗೆ ಇದರಿಂದ ವಿಂಶೋತ್ತರಿ ಎರಡು ವರ್ಷಕ್ಕೂ ಹೆಚ್ಚು ಸರಿಯುತ್ತದೆ, ಭ್ರಾಮರೀ ಐದಾರು ತಿಂಗಳು. ಒಂದು ದಶೆಯನ್ನು ಒಂದು ಪಂಚಾಂಗದಿಂದ, ಇನ್ನೊಂದನ್ನು ಬೇರೊಂದು ಸಾಫ್ಟ್‌ವೇರ್‌ನಿಂದ ತೆಗೆದು ಹೋಲಿಸುವವರು ಮೊದಲು ಎರಡರಲ್ಲೂ ಚಂದ್ರನ ಕಲೆ ಒಂದೇ ಇದೆಯೇ ಎಂದು ನೋಡಬೇಕು.

ತಾರೀಖು ಹೊಂದದಿದ್ದರೆ ಎಲ್ಲಿ ಹುಡುಕಬೇಕು

ಕೈಲೆಕ್ಕಕ್ಕೂ ಸಾಫ್ಟ್‌ವೇರ್ ಕೊಟ್ಟ ತಾರೀಖಿಗೂ ತಿಂಗಳುಗಟ್ಟಲೆ ವ್ಯತ್ಯಾಸ ಬಂದರೆ ಮೊದಲ ಅನುಮಾನ ವರ್ಷದ ಉದ್ದದ ಮೇಲೆ ಬೀಳಬೇಕು. ಕೆಲವು ಕಡೆ ದಶಾವರ್ಷವನ್ನು 360 ದಿನದ ಸಾವನ ವರ್ಷವೆಂದು, ಕೆಲವು ಕಡೆ ಸುಮಾರು 365 ಕಾಲು ದಿನದ ಸೌರ ವರ್ಷವೆಂದು ಹಿಡಿಯುತ್ತಾರೆ. ವರ್ಷಕ್ಕೆ ಐದೂಕಾಲು ದಿನದ ವ್ಯತ್ಯಾಸ ಬಾಲ್ಯದಲ್ಲಿ ಕಾಣುವುದಿಲ್ಲ. ಮೂವತ್ತೊಂದೂವರೆ ವಯಸ್ಸಿಗೆ ಬರುವಾಗ ಅದು 165 ದಿನವಾಗಿರುತ್ತದೆ, ಅಂದರೆ ಐದೂವರೆ ತಿಂಗಳು. ನಾವು ಇಷ್ಟು ಹೊತ್ತು ಹುಡುಕಿದ ಕಾಲ ಪೂರ್ತಿಯಾಗಿ ಕೈತಪ್ಪಲು ಅಷ್ಟು ಸಾಕು. ಪರೀಕ್ಷೆ ಸುಲಭ: ಯೋಗಿನಿ ಪಟ್ಟಿಯಲ್ಲಿ ಒಂದು ದಶೆ ಶುರುವಾದ ತಾರೀಖನ್ನೂ ಅದೇ ದಶೆ ಮುಂದಿನ ಸುತ್ತಿನಲ್ಲಿ ಶುರುವಾಗುವ ತಾರೀಖನ್ನೂ ನೋಡಿ. 36 ವರ್ಷದ ನಂತರ ಅದೇ ತಾರೀಖು, ಒಂದೆರಡು ದಿನ ಆಚೀಚೆ, ಬಂದರೆ ಸೌರ ವರ್ಷ. ಆರು ತಿಂಗಳಷ್ಟು ಮೊದಲೇ ಬಂದರೆ 360 ದಿನದ ವರ್ಷ. ಯಾವುದನ್ನೇ ಹಿಡಿಯಿರಿ, ಎರಡೂ ದಶೆಗೆ ಒಂದೇ ಇರಲಿ.

ಸಂಕಟಾ ದಶೆಯ ಒಡೆತನ ಇನ್ನೊಂದು ಕವಲು. ಎಂಟು ಯೋಗಿನಿಯರಿಗೆ ಎಂಟು ಗ್ರಹ ಹಂಚಿದಾಗ ಕೇತು ಉಳಿಯುತ್ತಾನೆ. 8 ವರ್ಷವೂ ರಾಹುವಿನದೇ ಎನ್ನುವವರಿದ್ದಾರೆ, ಮೊದಲ 4 ವರ್ಷ ರಾಹು, ಉಳಿದ 4 ವರ್ಷ ಕೇತು ಎನ್ನುವವರೂ ಇದ್ದಾರೆ. ಮೇಲಿನ ಜಾತಕದಲ್ಲಿ ಇದು ಸಣ್ಣ ವಿಷಯವಲ್ಲ. ಎರಡನೇ ಪಕ್ಷ ಹಿಡಿದರೆ 23ರಿಂದ 27ರವರೆಗೆ ಸಂಕಟೆಗೆ ಕೇತು ಒಡೆಯ, ಅವನು ಏಳರ ಅಧಿಪತಿ ಗುರುವಿನ ಜೊತೆ ಹನ್ನೊಂದರಲ್ಲಿದ್ದಾನೆ. ಆಗ 26ನೇ ವಯಸ್ಸಿನ ಅರ್ಧ ಒಪ್ಪಿಗೆ ಪೂರ್ತಿ ಒಪ್ಪಿಗೆಯಾಗಿಬಿಡುತ್ತದೆ! ಇಂಥಲ್ಲಿ ಪಕ್ಷವನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು, ಉತ್ತರ ನೋಡಿ ಪಕ್ಷ ಬದಲಿಸಬಾರದು. ಗೊತ್ತುಮಾಡುವ ದಾರಿ ಹಿಂದೆ ನಡೆದದ್ದರಲ್ಲಿದೆ. ಸಂಕಟಾ ದಶೆ ಕಳೆದವರ ಜಾತಕಗಳಲ್ಲಿ ತಾರೀಖು ಖಚಿತವಿರುವ ಮೂರು ನಾಲ್ಕು ಘಟನೆಗಳನ್ನು ತೆಗೆದುಕೊಂಡು, ಅವು ರಾಹುವಿನ ಮನೆಗೆ ಸೇರಿದವೋ ಕೇತುವಿನ ಮನೆಗೆ ಸೇರಿದವೋ ಎಂದು ನೋಡಬೇಕು. ಗುರು–ಕೇತು ಹೀಗೆ ಕೂಡಿರದ, ರಾಹು–ಕೇತುಗಳ ಫಲ ಸ್ಪಷ್ಟವಾಗಿ ಬೇರೆಯಾಗಿರುವ ಜಾತಕಗಳೇ ಇದಕ್ಕೆ ಬೇಕು. ಇಲ್ಲಿ ರಾಹುಪಕ್ಷವನ್ನೇ ಹಿಡಿದದ್ದು ಪಕ್ಷ ಗೊತ್ತಾಗುವವರೆಗೆ ಕಾಲ ಹಿಗ್ಗದಿರಲಿ ಎಂಬ ಕಾರಣಕ್ಕೆ.

ಹೆಸರು ನೋಡಿ ಫಲ ಹೇಳುವ ಚಟದ ಬಗ್ಗೆಯೂ ಒಂದು ಮಾತು. ಸಂಕಟಾ ಬಂತು, 8 ವರ್ಷ ಸಂಕಟ. ಸಿದ್ಧಾ ಬಂತು, ಎಲ್ಲ ಸಿದ್ಧಿ ಎಂದು ಜನರನ್ನು ಹೆದರಿಸುವುದೂ ಆಸೆ ತೋರಿಸುವುದೂ ನಡೆಯುತ್ತದೆ. 36 ವರ್ಷ ಬದುಕಿದ ಪ್ರತಿಯೊಬ್ಬರೂ 8 ವರ್ಷ ಸಂಕಟೆಯಲ್ಲಿ ಕಳೆದಿರುತ್ತಾರೆ. ಕಾಲವನ್ನು ಒರೆಗೆ ಹಚ್ಚುವಾಗ ಬೇಕಾದ್ದು ಯೋಗಿನಿಯ ಹೆಸರಲ್ಲ, ಅದರ ಅಧಿಪತಿ ಆ ಜಾತಕದಲ್ಲಿ ಯಾವ ಮನೆಯ ಒಡೆಯ, ಎಲ್ಲಿ ಕೂತಿದ್ದಾನೆ, ಯಾರ ದೃಷ್ಟಿಯಲ್ಲಿದ್ದಾನೆ ಎಂಬುದು. ರಾಹು ಏಳರಲ್ಲಿ ಕೂತು ಏಳರ ಅಧಿಪತಿಯ ಫಲ ಕೊಡುವ ಜಾತಕದಲ್ಲಿ ಸಂಕಟೆಯಲ್ಲೇ ಮದುವೆ ನೋಡಬೇಕು. ಸಿದ್ಧೆಯ ಒಡೆಯ ಶುಕ್ರ ಎಂಟರ ಅಧಿಪತಿಯಾಗಿ ನೀಚನಾಗಿದ್ದರೆ ಆ 7 ವರ್ಷಕ್ಕೆ ಹೆಸರಿನ ಬಲ ಬರುವುದಿಲ್ಲ.

ಎರಡು ದಶೆ ಒಪ್ಪದೇ ಹೋದಾಗ ಏನು ಮಾಡಬೇಕು? ವಿಂಶೋತ್ತರಿ ಬಲವಾಗಿದ್ದು ಯೋಗಿನಿ ಸುಮ್ಮನಿದ್ದರೆ ಆ ಕಾಲವನ್ನು ಹೇಳದೆ ಮುಂದಿನದಕ್ಕೆ ಹೋಗಬೇಕು, ಮೊದಲ ಕಾಲವನ್ನು ಬಿಟ್ಟ ಹಾಗೆ. ಯೋಗಿನಿ ಬಲವಾಗಿದ್ದು ವಿಂಶೋತ್ತರಿಯಲ್ಲಿ ಏನೂ ಇಲ್ಲದಿದ್ದರೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬಾರದು. ಇದೇ ಜಾತಕದಲ್ಲಿ 12ರಿಂದ 19ರವರೆಗೆ ಸಿದ್ಧಾ ಇತ್ತು, ಅದರಲ್ಲಿ ಧಾನ್ಯಾ ಭುಕ್ತಿಯೂ ಬಂದು ಹೋಯಿತು. ಶುಕ್ರ, ಗುರು ಇಬ್ಬರೂ ಅಲ್ಲಿದ್ದರು. ಆಗ ವಿಂಶೋತ್ತರಿಯಲ್ಲಿ ಬುಧ ದಶೆ ನಡೆಯುತ್ತಿತ್ತು, ಜಾತಕದವರು ಶಾಲೆಯಲ್ಲಿದ್ದರು. ಇನ್ನು ಯಾವ ಕಾಲವೂ ಎರಡರಲ್ಲಿ ಒಪ್ಪದೆ, ಹಿಂದೆ ನಡೆದ ಘಟನೆಗಳೂ ಎರಡಕ್ಕೂ ಹೊಂದದೆ ಹೋದರೆ ದಶೆಯನ್ನು ದೂರುವ ಮೊದಲು ಚಂದ್ರನ ಕಲೆಯನ್ನು ಮತ್ತೊಮ್ಮೆ ತೆಗೆಯಬೇಕು. ಹಿಂದಿನ ಘಟನೆಗಳು ವಿಂಶೋತ್ತರಿಯಲ್ಲಿ ಒಂದೇ ದಿಕ್ಕಿಗೆ ಎರಡು ಮೂರು ತಿಂಗಳು ಸರಿದಿದ್ದು, ಯೋಗಿನಿಯಲ್ಲಿ ಅದೇ ದಿಕ್ಕಿಗೆ ಹದಿನೈದು ಇಪ್ಪತ್ತು ದಿನ ಮಾತ್ರ ಸರಿದಿದ್ದರೆ, ಶನಿ–ಭ್ರಾಮರೀಯಲ್ಲಿ ಹುಟ್ಟಿದ ಇಂಥ ಜಾತಕದಲ್ಲಿ ತಪ್ಪಿರುವುದು ಹುಟ್ಟಿದ ಹೊತ್ತು, ಅದೂ ಸುಮಾರು ಕಾಲು ಗಂಟೆಯಷ್ಟು.